ನಗು ಜಿರಳೆಯ ಮೇಲಿರಲಿ

ಅಮೆರಿಕದಲ್ಲಿ 1970ರ ದಶಕದಲ್ಲಿ ಬ್ಲ್ಯಾಕ್ ಫ್ಲ್ಯಾಗ್ ಎಂಬ ಹೆಸರಿನಡಿ ಒಂದು ಜಿರಳೆ ಬೋನು ಮಾರಾಟಕ್ಕೆ ಬಂತು. ಬೋನು ಎಂದರೆ ದೊಡ್ಡದೇನಲ್ಲ, ಒಳಗೆ ಅಂಟು ಬಳಿದ ರಟ್ಟಿನ ಪುಟ್ಟ ಪೆಟ್ಟಿಗೆ. ಅದಕ್ಕೆ 'ರೋಚ್ ಮೋಟೆಲ್', ಅಂದರೆ ಜಿರಳೆಗಳ ಲಾಡ್ಜು ಎಂದು ಹೆಸರಿಟ್ಟರು. ಟ್ಯಾಗ್‌ಲೈನ್‌ನ ತಾತ್ಪರ್ಯ ಇಷ್ಟು: ಜಿರಳೆಗಳು ಇಲ್ಲಿ ರೂಮು ಹಿಡಿಯುತ್ತವೆ, ಖಾಲಿ ಮಾಡುವುದಿಲ್ಲ. ಆ ಸಾಲು ಅಲ್ಲಿನ ಜನರ ಬಾಯಲ್ಲಿ ಇವತ್ತಿಗೂ ಓಡಾಡುತ್ತದೆ.

ಆ ಒಂದು ಸಾಲು ಎಷ್ಟು ಕೆಲಸ ಮಾಡಿದೆ ನೋಡಿ. ಯಾವ ಹುಳುವಿಗೆ ಔಷಧಿ ಎಂಬುದನ್ನು ಹೇಳಿದೆ. ವಸ್ತು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನೂ ಹೇಳಿದೆ: ಒಳಗೆ ಹೋದದ್ದು ಅಂಟಿಕೊಳ್ಳುತ್ತದೆ, ಹೊರಗೆ ಬರುವುದಿಲ್ಲ. ನಗೆಯನ್ನು ತೆಗೆದರೆ ವಿವರಣೆಯೂ ಹೋಗುತ್ತದೆ, ಅಷ್ಟು ಒಂದಾಗಿ ಹೆಣೆದುಕೊಂಡಿವೆ. ನಗೆಗೆ ಗುರಿಯಾದದ್ದು ಜಿರಳೆ ಮಾತ್ರ, ಮನೆಯೊಡತಿಯಲ್ಲ. ಕೀಟ ನಿಯಂತ್ರಣದ ಜಾಹೀರಾತು ಬರೆಯಲು ಹೊರಟವರು ಕಲಿಯಬೇಕಾದ ಪಾಠ ಬಹುಮಟ್ಟಿಗೆ ಇಷ್ಟೇ. ಕಷ್ಟವಿರುವುದು ಅದನ್ನು ನಮ್ಮ ಊರಿನ ಗೋಡೆಗೆ, ನಮ್ಮ ಭಾಷೆಯಲ್ಲಿ ತರುವುದರಲ್ಲಿ.

ಬೆಂಗಳೂರಿನ ಒಂದು ಸಣ್ಣ ಪೆಸ್ಟ್ ಕಂಟ್ರೋಲ್ ಸಂಸ್ಥೆಗೆ ಟ್ಯಾಗ್‌ಲೈನ್ ಬೇಕಾಗಿದೆ ಎಂದಿಟ್ಟುಕೊಳ್ಳೋಣ. ಅಪಾರ್ಟ್‌ಮೆಂಟ್ ಅಡುಗೆಮನೆಗಳಿಗೆ ಜೆಲ್ ಹಾಕುವುದು ಅವರ ಮುಖ್ಯ ಕೆಲಸ. ಸಾಲು ಬರೆಯುವ ಮೊದಲು ಕೆಲಸ ಏನೆಂದು ತಿಳಿಯಬೇಕು. ಅಡುಗೆಮನೆಯನ್ನು ಆಳುವುದು ಕಂದು ಬಣ್ಣದ ಸಣ್ಣ ಜಾತಿಯ ಜಿರಳೆ, ಜರ್ಮನ್ ಕಾಕ್ರೋಚ್. ಕ್ಯಾಬಿನೆಟ್ ಬಾಗಿಲಿನ ಹಿಂಜ್‌ಗಳ ಸಂದಿ, ಸಿಂಕಿನ ಅಡಿ, ಫ್ರಿಜ್ಜಿನ ಹಿಂಬದಿಯಂಥ ಬೆಚ್ಚನೆಯ ಮೂಲೆಗಳಲ್ಲಿ ಹುಡುಗರು ಸಿರಿಂಜಿನಿಂದ ಬೇಳೆಯಷ್ಟು ಗಾತ್ರದ ಜೆಲ್ ಚುಕ್ಕೆ ಇಡುತ್ತಾರೆ. ಅದು ವಿಷ ಬೆರೆತ ತಿಂಡಿ. ತಿಂದ ಜಿರಳೆ ತಕ್ಷಣ ಸಾಯದೆ ಗೂಡಿಗೆ ಮರಳಿ ಅಲ್ಲಿ ಸಾಯುತ್ತದೆ. ಅದರ ಹಿಕ್ಕೆಯನ್ನೂ ಹೆಣವನ್ನೂ ತಿಂದ ಮತ್ತಷ್ಟು ಸಾಯುತ್ತವೆ. ಪಾತ್ರೆ ಪಗಡೆ ಹೊರಗೆ ಹಾಕಬೇಕಾಗಿಲ್ಲ, ವಾಸನೆಯೂ ಇಲ್ಲ. ಆದರೆ ಹೆಣ್ಣು ಜಿರಳೆ ಮೂವತ್ತು ನಲವತ್ತು ಮೊಟ್ಟೆಗಳ ಚೀಲವನ್ನು ಮರಿಯಾಗುವ ಹೊತ್ತಿನವರೆಗೂ ಹೊಟ್ಟೆಯ ತುದಿಯಲ್ಲೇ ಹೊತ್ತು ತಿರುಗುತ್ತದೆ. ಮೊಟ್ಟೆ ಜೆಲ್ ತಿನ್ನುವುದಿಲ್ಲವಲ್ಲ. ಅದಕ್ಕೇ ಕೆಲವು ವಾರ ಬಿಟ್ಟು ಎರಡನೇ ಸಲ ಬರಬೇಕು.

ಈಗ ಸಾಲುಗಳಿಗೆ ಬರೋಣ. ಮೊದಲು ಹೊಳೆಯುವುದು ಪ್ರಾಸ: 'ನಿಮ್ಮ ಮನೆ ಜಿರಳೆಗಳ ಅರಮನೆಯೇ?' ಕಿವಿಗೇನೋ ಹಿತ. ಆದರೆ ಓದಿದವರಿಗೆ ಕೇಳಿಸುವುದು 'ನಿಮ್ಮ ಮನೆ ಕೊಳಕು' ಎಂದು. ಮೇಲಾಗಿ ಅದು ಪೂರ್ತಿ ನಿಜವೂ ಅಲ್ಲ. ಅಪಾರ್ಟ್‌ಮೆಂಟುಗಳಲ್ಲಿ ಜಿರಳೆ ಪಕ್ಕದ ಮನೆಯಿಂದ ಪೈಪಿನ ಸಂದಿ ಹಿಡಿದು ಬರಬಹುದು, ದಿನಸಿ ತಂದ ರಟ್ಟಿನ ಡಬ್ಬದಲ್ಲೇ ಕೂತು ಬರಬಹುದು. ತಿಗಣೆಯ ವಿಷಯದಲ್ಲಂತೂ ಇನ್ನೂ ಅನ್ಯಾಯ. ಅದು ಕುಡಿಯುವುದು ರಕ್ತ, ನೆಲ ಒರೆಸಿದ್ದೀರೋ ಇಲ್ಲವೋ ಅದಕ್ಕೆ ಬೇಕಿಲ್ಲ. ರೈಲಿನಲ್ಲಿ, ಲಾಡ್ಜಿನಲ್ಲಿ ಸೂಟ್‌ಕೇಸ್ ಹತ್ತಿ ಬರುತ್ತದೆ, ಸೆಕೆಂಡ್ ಹ್ಯಾಂಡ್ ಮಂಚದೊಂದಿಗೂ ಬರುತ್ತದೆ. ನಾಚಿಕೆಯಿಂದ ಫೋನು ಮಾಡದೆ ತಿಂಗಳುಗಟ್ಟಲೆ ಕಚ್ಚಿಸಿಕೊಂಡವರಿದ್ದಾರೆ. ಅಂಥವರನ್ನು ಗೋಡೆಯ ಮೇಲೆ ಗೇಲಿ ಮಾಡಿದರೆ ಗಿರಾಕಿ ಹತ್ತಿರ ಬರುವುದು ಹೇಗೆ?

ಎರಡನೆಯದು ಹಳೆಯ ಚಟ: ಹೆಂಡತಿಯ ಜೋಕು. 'ಹೆಂಡತಿಗೂ ಹೆದರದ ಜಿರಳೆ ನಮಗೆ ಹೆದರುತ್ತದೆ.' ಅಡುಗೆಮನೆಯಲ್ಲಿ ಜಿರಳೆ ಕಂಡು ಫೋನು ಎತ್ತುವವರು ಹೆಚ್ಚಾಗಿ ಅವರೇ ಎಂಬುದನ್ನು ಮರೆತವರು ಬರೆಯುವ ಸಾಲಿದು.

ಮೂರನೆಯದು ನೋಡಲು ಜಾಣ: 'ಬಾಡಿಗೆ ಕೊಡದವರನ್ನು ಖಾಲಿ ಮಾಡಿಸುತ್ತೇವೆ.' ಆದರೆ ಇದನ್ನು ಬೆಂಗಳೂರಿನ ಗೋಡೆಯ ಮೇಲೆ ಓದಿದರೆ ಮನೆ ಖಾಲಿ ಮಾಡಿಸುವ ಪುಂಡರ ಜಾಹೀರಾತೇನೋ ಅನ್ನಿಸುತ್ತದೆ. ಜಿರಳೆಯ ಹೆಸರೇ ಇಲ್ಲ, ಹಾಗಾಗಿ ಸ್ಪಷ್ಟತೆಯೂ ಇಲ್ಲ. ಎರಡು ತಿಂಗಳ ಬಾಡಿಗೆ ಬಾಕಿ ಉಳಿಸಿಕೊಂಡ ಮನುಷ್ಯ ಅದೇ ರಸ್ತೆಯಲ್ಲಿ ನಡೆದು ಹೋಗುತ್ತಾನೆ. ಇದರ ತಮ್ಮನಂಥ ಸಾಲು 'ಹೊರಗಿನಿಂದ ಬಂದವರನ್ನು ಹೊರಗೇ ಹಾಕುತ್ತೇವೆ' ಎಂಬುದು ಇನ್ನೂ ಅಪಾಯ. ನಾನಾ ಕಡೆಯಿಂದ ಜನ ಬಂದು ನೆಲೆಸಿದ ಊರಿನಲ್ಲಿ ಅದು ಹುಳುವಿನ ಮಾತಾಗಿ ಉಳಿಯುವುದಿಲ್ಲ. 1994ರಲ್ಲಿ ರುವಾಂಡಾದ ರೇಡಿಯೊ ಟುಟ್ಸಿ ಜನರನ್ನು ಜಿರಳೆಗಳೆಂದು ಕರೆಯುತ್ತಲೇ ಕೊಲೆಗೆ ಹುರಿದುಂಬಿಸಿತ್ತು. ಹುಳುವನ್ನು ಮನುಷ್ಯನಂತೆ ಮಾತಾಡಿಸಿದರೆ ನಗು ಬರುತ್ತದೆ. ಮನುಷ್ಯರ ಒಂದು ಗುಂಪನ್ನು ಹುಳುವಿಗೆ ಹೋಲಿಸುವ ಕಡೆಗೆ ವಾಲಿದ ಸಾಲನ್ನು ಹರಿದು ಬಿಸಾಡಬೇಕು, ತಿದ್ದುವ ಮಾತೇ ಇಲ್ಲ.

ಬಾಡಿಗೆಯ ಕಲ್ಪನೆ ಮಾತ್ರ ಬಿಡುವಂಥದ್ದಲ್ಲ, ಏಕೆಂದರೆ 'ಮನೆ ಬಾಡಿಗೆಗಿದೆ' ಬೋರ್ಡು ಈ ಊರಿನವರೆಲ್ಲರ ಕಣ್ಣಿಗೆ ಪರಿಚಿತ. ಅದನ್ನೇ ತಿರುಗಿಸಿ, ಹುಳುವಿನ ಹೆಸರನ್ನು ಮುಂದಿಟ್ಟರೆ ಹೀಗಾಗುತ್ತದೆ:

'ಜಿರಳೆಗೆ ಅಡುಗೆಮನೆ ಬಾಡಿಗೆಗಿಲ್ಲ.'

ಮೂರೇ ಪದ. ಸಿಗ್ನಲ್ಲಿನಲ್ಲಿ ನಿಂತವರು ಮುಂದಿನ ಸ್ಕೂಟರಿನ ಡಬ್ಬದ ಮೇಲೆ ಓದಿ ಮುಗಿಸಬಹುದು. ಸಂಸ್ಥೆಯ ಹೆಸರನ್ನು ಬೆರಳಿಂದ ಮುಚ್ಚಿ ಓದಿದರೂ ಇವರು ಏನು ಮಾಡುವವರೆಂದು ತಿಳಿಯುತ್ತದೆ. ಟ್ಯಾಗ್‌ಲೈನ್ ಸ್ಪಷ್ಟವಾಗಿದೆಯೇ ಎಂದು ನೋಡಲು ನನಗೆ ಗೊತ್ತಿರುವ ಸುಲಭದ ಪರೀಕ್ಷೆ ಇದೇ. ಮನೆಯವರು ಇಲ್ಲಿ ಮಾಲೀಕರ ಸ್ಥಾನದಲ್ಲಿದ್ದಾರೆ, ತಪ್ಪಿತಸ್ಥರಲ್ಲ. ಬಾಡಿಗೆ ಮನೆಯಲ್ಲಿರುವವರೂ ಇದನ್ನು ಓದಿ ನಗಬಹುದು. ಕೆಳಗೆ ಸಣ್ಣ ಅಕ್ಷರದಲ್ಲಿ 'ಜಿರಳೆ, ಗೆದ್ದಲು, ತಿಗಣೆ ನಿಯಂತ್ರಣ' ಎಂದು ಸಾದಾ ಸಾಲೊಂದು, ಪಕ್ಕದಲ್ಲಿ ಫೋನ್ ನಂಬರು. ಆ ಸಾಲಿನಲ್ಲಿ ಮತ್ತೆ ತಮಾಷೆ ಬೇಡ. ಗೆದ್ದಲಿಗೇ ಬೇರೆ ಬೋರ್ಡು ಬೇಕೆಂದರೆ 'ಬಾಗಿಲು ಇರೋದು ತೆಗೆಯೋಕೆ, ಗೆದ್ದಲು ತಿನ್ನೋಕಲ್ಲ' ಎನ್ನಬಹುದು. ಸ್ವಲ್ಪ ಉದ್ದವಾಯಿತು, ಗೋಡೆಗೆ ಆದೀತು, ಸ್ಕೂಟರಿಗೆ ಆಗದು.

ಈ ಸಾಲಿನ ಇನ್ನೊಂದು ಗುಣ, ಇದು ಸುಳ್ಳು ಭರವಸೆ ಕೊಡುವುದಿಲ್ಲ. 'ಒಂದೇ ದಿನದಲ್ಲಿ ಜಿರಳೆ ನಿರ್ನಾಮ' ಎಂದು ಬರೆದವರು ಆ ಮೊಟ್ಟೆಚೀಲವನ್ನು ಮರೆತಿದ್ದಾರೆ. 'ಮಕ್ಕಳಿಗೆ ನೂರಕ್ಕೆ ನೂರು ಸುರಕ್ಷಿತ' ಎಂಬುದೂ ಹಾಗೆಯೇ. ನಮ್ಮ 1971ರ ಕೀಟನಾಶಕ ನಿಯಮಗಳ ಪ್ರಕಾರ ಕೀಟನಾಶಕದ ಲೇಬಲ್ಲಿನ ಮೇಲೆ 'ಸುರಕ್ಷಿತ', 'ವಿಷವಲ್ಲ', 'ನಿರಪಾಯಕಾರಿ' ಎಂಬಂಥ ಮಾತುಗಳು ಇರಕೂಡದು, 'ಸೂಚನೆಯಂತೆ ಬಳಸಿದರೆ' ಎಂಬ ಬಾಲ ಸೇರಿಸಿದರೂ ಇರಕೂಡದು. ಆ ನಿಯಮ ಇರುವುದು ಡಬ್ಬಿಯ ಲೇಬಲ್ಲಿಗೆ. ಆದರೆ ಡಬ್ಬಿಯ ಮೇಲೆ ಬರೆಯಬಾರದ ಮಾತನ್ನು ಅದೇ ಡಬ್ಬಿ ಹಿಡಿದು ಮನೆಗೆ ಬರುವವರು ಗೋಡೆಯ ಮೇಲೆ ಬರೆಯುವುದು ಮರ್ಯಾದೆಯಲ್ಲ. ತಮಾಷೆಯ ಸಾಲಿಗೆ ಇದೊಂದು ಅನುಕೂಲವುಂಟು: ನಕ್ಕವರು ಭರವಸೆಯ ಪಟ್ಟಿಯನ್ನು ಕೇಳುವುದಿಲ್ಲ, ಫೋನು ಮಾಡುತ್ತಾರೆ. ಉಳಿದದ್ದನ್ನು ಫೋನಿನಲ್ಲಿ ಬಿಡಿಸಿ ಹೇಳಬಹುದು. ಜೆಲ್ ಇಟ್ಟ ಮೇಲೆ ಕೆಲವು ದಿನ ಹಗಲಲ್ಲೂ ಜಿರಳೆ ತೂರಾಡುತ್ತಾ ಹೊರಬರುತ್ತವೆ, ಗಾಬರಿಬಿದ್ದು ಸ್ಪ್ರೇ ಹೊಡೆಯಬೇಡಿ, ಹೊಡೆದರೆ ಜೆಲ್ಲನ್ನು ಅವು ಮೂಸಿಯೂ ನೋಡುವುದಿಲ್ಲ ಎಂಬುದನ್ನೆಲ್ಲ ಮೂರು ಪದದಲ್ಲಿ ಹೇಳಲಾಗದು.

ಇನ್ನು ಓದುಗರಿಗೆ ಒಂದು ಮಾತು. ಗೋಡೆಯ ಮೇಲಿನ ಸಾಲು ಓದಿ ನಕ್ಕು ಫೋನು ಮಾಡಿದಿರಿ ಎನ್ನಿ. ಯಾವ ಔಷಧಿ ಹಾಕುತ್ತೀರಿ, ಎರಡನೇ ಸಲ ಯಾವಾಗ ಬರುತ್ತೀರಿ ಎಂದು ಕೇಳಿ. 'ಎರಡನೇ ಸಲ ಯಾಕೆ ಸಾರ್, ಒಂದೇ ಸಲಕ್ಕೆ ಕ್ಲೀನ್' ಎಂಬ ಉತ್ತರ ಬಂದರೆ, ಸಾಲು ಎಷ್ಟೇ ಚೆನ್ನಾಗಿರಲಿ, ಬೇರೆಯವರನ್ನು ಕರೆಯಿರಿ.