ನಿಮಗಿದು ಗೊತ್ತೇ? ಸರಕು ಒಂದೇ, ದಾರಿ ಎರಡು

ಸಿರಿಂಜಿನ ಪೊಟ್ಟಣದ ಮೇಲೆ ಒಂದು ರಾಸಾಯನಿಕದ ಹೆಸರಿದೆ, ಗೊತ್ತೇ? ಮೆಡಿಕಲ್ ಶಾಪಿನಿಂದ ತಂದ ಸಿರಿಂಜಿನ ಪೊಟ್ಟಣವನ್ನು ತಿರುಗಿಸಿ ನೋಡಿ. ಎಷ್ಟೋ ಪೊಟ್ಟಣಗಳ ಮೇಲೆ ಚಿಕ್ಕ ಚೌಕಟ್ಟಿನೊಳಗೆ 'ಸ್ಟೆರೈಲ್ ಇಒ' ಎಂದು ಅಚ್ಚಾಗಿರುತ್ತದೆ. ಇಒ ಎಂದರೆ ಎಥಿಲೀನ್ ಆಕ್ಸೈಡ್. ಕುದಿಯುವ ಹಬೆಯನ್ನು ತಾಳದ ಪ್ಲಾಸ್ಟಿಕ್ ಸಾಮಾನುಗಳಲ್ಲಿ ಸೂಕ್ಷ್ಮಾಣುಗಳನ್ನು ಕೊಲ್ಲಲು ಬಳಸುವ ಅನಿಲ ಇದು. ಆಸ್ಪತ್ರೆಯ ಕೆಲಸಕ್ಕೆ ಹೋಗುವುದು ಇದರ ತೀರಾ ಸಣ್ಣ ಪಾಲು ಮಾತ್ರ. ಹೆಚ್ಚಿನದೆಲ್ಲ ಗ್ಲೈಕಾಲ್ ಆಗಿ, ಅಲ್ಲಿಂದ ಪಾಲಿಯೆಸ್ಟರ್ ಬಟ್ಟೆಯಾಗಿ, ನೀರಿನ ಬಾಟಲಿಯಾಗಿ ನಮ್ಮ ಮನೆಗೆ ಬರುತ್ತದೆ.

ಇದನ್ನು ಕಾರ್ಖಾನೆಯಲ್ಲಿ ಎರಡು ದಾರಿಯಲ್ಲಿ ಮಾಡುತ್ತಿದ್ದರು. ಎರಡೂ ಎಥಿಲೀನ್ ಎಂಬ ಅನಿಲದಿಂದಲೇ ಶುರುವಾಗುತ್ತವೆ, ಕೊನೆಗೆ ಸಿಗುವುದೂ ಒಂದೇ ಸರಕು. ಎಥಿಲೀನ್ ಆಕ್ಸೈಡನ್ನು ಮೊದಲು ತಯಾರಿಸಿದವರು ಫ್ರಾನ್ಸಿನ ಷಾರ್ಲ್ ವುರ್ಟ್ಸ್, 1859ರಲ್ಲಿ. ಅವರದು ಕ್ಲೋರಿನ್ನಿನ ಮೂಲಕ ಸುತ್ತಿ ಬರುವ ದಾರಿ. ಮೊದಲ ಮಹಾಯುದ್ಧದ ಹೊತ್ತಿಗೆ ಜರ್ಮನಿಯಲ್ಲಿ ಅದೇ ಕಾರ್ಖಾನೆಯ ವಿಧಾನವಾಯಿತು. ಎರಡನೆಯದು 1931ರಲ್ಲಿ ಫ್ರಾನ್ಸಿನವರೇ ಆದ ಥಿಯೊಡೋರ್ ಲೆಫೋರ್ ಕಂಡುಕೊಂಡ ನೇರ ದಾರಿ. ಬೆಳ್ಳಿಯ ಮೇಲೆ ಎಥಿಲೀನಿಗೆ ಆಮ್ಲಜನಕ ಸೇರಿಸಿದರೆ ಆಯಿತು. 1937ರಲ್ಲಿ ಅಮೆರಿಕದ ಯೂನಿಯನ್ ಕಾರ್ಬೈಡ್ ಕಂಪನಿ ಈ ದಾರಿಯ ಮೊದಲ ಕಾರ್ಖಾನೆಯನ್ನು ನಡೆಸಿತು.

ಯಾವುದು ಮೇಲು ಎಂದು ಕಾಗದದ ಮೇಲೆಯೇ ಅಳೆಯಬಹುದು. ಅದಕ್ಕೊಂದು ಅಳತೆಗೋಲು ಕೊಟ್ಟವರು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಬ್ಯಾರಿ ಟ್ರೋಸ್ಟ್. 1991ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಅವರು ಪರಮಾಣು ಮಿತವ್ಯಯದ ಮಾತೆತ್ತಿದರು. ಲೆಕ್ಕ ಸುಲಭ. ನಮಗೆ ಬೇಕಾದ ಸರಕಿನ ಅಣುತೂಕವನ್ನು, ಕ್ರಿಯೆಗೆ ಹಾಕಿದ ಎಲ್ಲ ಪದಾರ್ಥಗಳ ಅಣುತೂಕದ ಮೊತ್ತದಿಂದ ಭಾಗಿಸಿ, ನೂರರಿಂದ ಗುಣಿಸಬೇಕು. ಹಾಕಿದ ಪರಮಾಣುಗಳಲ್ಲಿ ತೂಕದ ಲೆಕ್ಕಕ್ಕೆ ಎಷ್ಟು ಪಾಲು ಸರಕಿನೊಳಗೆ ಉಳಿಯಿತು ಎಂಬುದಕ್ಕೆ ಉತ್ತರ ಸಿಗುತ್ತದೆ.

ಹಳೆಯ ದಾರಿಯನ್ನೇ ಮೊದಲು ಹಿಡಿಯೋಣ. ನೀರಿನಲ್ಲಿ ಎಥಿಲೀನ್ ಮತ್ತು ಕ್ಲೋರಿನ್ ಹಾಯಿಸಿದರೆ ಕ್ಲೋರೋಹೈಡ್ರಿನ್ ಎಂಬ ನಡುವಿನ ಪದಾರ್ಥ ಆಗುತ್ತದೆ, ಜೊತೆಗೆ ಹೈಡ್ರೋಕ್ಲೋರಿಕ್ ಆಮ್ಲವೂ ಹುಟ್ಟುತ್ತದೆ. ಅದಕ್ಕೆ ಸುಣ್ಣದ ಹಾಲು ಬೆರೆಸಿ ಕಾಯಿಸಿದರೆ ಎಥಿಲೀನ್ ಆಕ್ಸೈಡ್ ಆವಿಯಾಗಿ ಹೊರಬರುತ್ತದೆ. ಎರಡೂ ಹಂತ ಕೂಡಿಸಿದರೆ ಸಮೀಕರಣ ಹೀಗಿರುತ್ತದೆ:

C2H4 + Cl2 + Ca(OH)2 → C2H4O + CaCl2 + H2O

ಎಡಗಡೆ ಎಥಿಲೀನ್ 28, ಕ್ಲೋರಿನ್ 71, ಸುಣ್ಣ 74, ಒಟ್ಟು 173. ಬಲಗಡೆ ನಮಗೆ ಬೇಕಾದದ್ದು 44 ಮಾತ್ರ. 44ನ್ನು 173ರಿಂದ ಭಾಗಿಸಿದರೆ ನೂರಕ್ಕೆ ಸುಮಾರು 25. ಹೊಸ ದಾರಿಯಲ್ಲಿ ಎಥಿಲೀನ್ 28, ಆಮ್ಲಜನಕ 16, ಸರಕು 44. ಹೊರಗೆ ಉಳಿಯುವುದು ಏನೂ ಇಲ್ಲ, ನೂರಕ್ಕೆ ನೂರು.

ಹಳೆಯ ದಾರಿಗೆ ಹಾಕಿದ ಕ್ಲೋರಿನ್ ಎಲ್ಲಿ ಹೋಯಿತು? ಸರಕಿನೊಳಗೆ ಒಂದೇ ಒಂದು ಕ್ಲೋರಿನ್ ಪರಮಾಣುವೂ ಇಲ್ಲ. ಉಪ್ಪುನೀರಿಗೆ ವಿದ್ಯುತ್ ಹಾಯಿಸಿ, ದುಡ್ಡು ಸುರಿದು ತಯಾರಿಸಿದ ಕ್ಲೋರಿನ್ ಅಷ್ಟೂ ಕ್ಯಾಲ್ಸಿಯಂ ಕ್ಲೋರೈಡ್ ಆಗಿ ಚರಂಡಿಯ ಕಡೆಗೆ ಹೊರಡುತ್ತಿತ್ತು. ಒಂದು ಕಿಲೋ ಎಥಿಲೀನ್ ಆಕ್ಸೈಡಿಗೆ ಎರಡೂವರೆ ಕಿಲೋ ಕ್ಯಾಲ್ಸಿಯಂ ಕ್ಲೋರೈಡ್, ಅದೂ ಎಲ್ಲವೂ ಸರಿಯಾಗಿ ನಡೆದರೆ. ನಿಜದಲ್ಲಿ ಇಳುವರಿ ನೂರಕ್ಕೆ ಎಂಬತ್ತರ ಆಸುಪಾಸಿನಲ್ಲಿತ್ತು. ಇಳುವರಿಯನ್ನು ಮಾತ್ರ ನೋಡುವವರಿಗೆ ಅದು ಒಳ್ಳೆಯ ಕೆಲಸವೇ. ಹಾಕಿದ ಎಥಿಲೀನಿನಲ್ಲಿ ಎಷ್ಟು ಸರಕಾಯಿತು ಎಂದಷ್ಟೇ ಇಳುವರಿ ಹೇಳುತ್ತದೆ. ಸರಕಿಗೆ ಸೇರುವ ಆಸೆಯೇ ಇಲ್ಲದ ಕ್ಲೋರಿನ್, ಸುಣ್ಣಗಳ ಸುದ್ದಿಯನ್ನು ಅದು ಎತ್ತುವುದೇ ಇಲ್ಲ. ಟ್ರೋಸ್ಟ್ ಅವರ ಲೆಕ್ಕ ಬೇಕಾದದ್ದು ಇಲ್ಲಿಯೇ.

ಸಮೀಕರಣದಲ್ಲಿ ಕಾಣದ ತ್ಯಾಜ್ಯವೂ ಇದೆ. ಕ್ಲೋರೋಹೈಡ್ರಿನ್ ದ್ರಾವಣ ಗಟ್ಟಿಯಾದಂತೆ ಕ್ಲೋರಿನ್ ಅಡ್ಡದಾರಿ ಹಿಡಿದು, ಎಥಿಲೀನಿಗೇ ನೇರವಾಗಿ ಅಂಟಿಕೊಂಡು ಡೈಕ್ಲೋರೋಈಥೇನ್ ಆಗುತ್ತದೆ. ಇದನ್ನು ತಡೆಯಲು ದ್ರಾವಣವನ್ನು ತೀರಾ ತೆಳುವಾಗಿ ಇಟ್ಟುಕೊಳ್ಳಬೇಕು. ನೂರು ಪಾಲು ದ್ರಾವಣದಲ್ಲಿ ಕ್ಲೋರೋಹೈಡ್ರಿನ್ ಆರು ಪಾಲು ಎಂದಿಟ್ಟುಕೊಳ್ಳಿ. ಒಂದು ಕಿಲೋ ಸರಕಿಗೆ ಬೇಕಾಗುವ ಕ್ಲೋರೋಹೈಡ್ರಿನ್ 1.83 ಕಿಲೋ, ಅಂದರೆ ದ್ರಾವಣ ಸುಮಾರು 30 ಕಿಲೋ. ಆ ನೀರೆಲ್ಲ ಕೊನೆಗೆ ಉಪ್ಪಾಗಿ, ಕ್ಲೋರಿನ್ ಸೇರಿದ ಸಾವಯವ ಪದಾರ್ಥಗಳ ಜಿಡ್ಡಿನೊಂದಿಗೆ ಹೊರಬೀಳುತ್ತದೆ. ದ್ರಾವಕವಾಗಿ ಬಳಸಿದ ನೀರು ಪರಮಾಣು ಮಿತವ್ಯಯದ ಲೆಕ್ಕಕ್ಕೆ ಬರುವುದಿಲ್ಲ, ಆದರೆ ನದಿಗೆ ಬರುತ್ತದೆ. ಹಾಗಾಗಿ 25 ಎಂಬ ಅಂಕವೂ ಹಳೆಯ ದಾರಿಯ ಬಗ್ಗೆ ಪೂರ್ತಿ ಸತ್ಯ ಹೇಳಿಲ್ಲ ಎಂದೇ ನನ್ನ ಎಣಿಕೆ.

ಹಾಗಾದರೆ ನೂರಕ್ಕೆ ನೂರು ಎಂಬ ಅಂಕ ಪೂರ್ತಿ ಸತ್ಯವೇ? ಅಲ್ಲ. ಬೆಳ್ಳಿಯ ಮೇಲೆ ಎಥಿಲೀನ್ ಎರಡು ಬಗೆಯಲ್ಲಿ ವರ್ತಿಸುತ್ತದೆ. ಒಂದಿಷ್ಟು ಎಥಿಲೀನ್ ಆಕ್ಸೈಡ್ ಆಗುತ್ತದೆ, ಉಳಿದದ್ದು ಸುಟ್ಟು ಕಾರ್ಬನ್ ಡೈಆಕ್ಸೈಡ್ ಮತ್ತು ನೀರಾಗುತ್ತದೆ. ಸಮೀಕರಣದ ನೂರು, ಮೊದಲನೆಯ ಕ್ರಿಯೆಗೆ ಮಾತ್ರ ಸಲ್ಲುವ ನೂರು.

ಸ್ವಾರಸ್ಯವೆಂದರೆ ಎಥಿಲೀನ್ ಆಕ್ಸೈಡಿನ ಅಣುತೂಕ 44, ಕಾರ್ಬನ್ ಡೈಆಕ್ಸೈಡಿನದೂ 44. ಹೀಗಾಗಿ ಲೆಕ್ಕ ಬಾಯಲ್ಲೇ ಆಗುತ್ತದೆ. ನೂರು ಎಥಿಲೀನ್ ಅಣುಗಳಲ್ಲಿ 80 ಸರಕಾಗಿ, 20 ಸುಟ್ಟವು ಎನ್ನಿ. ಸುಟ್ಟ ಒಂದೊಂದು ಅಣುವೂ ಎರಡು ಕಾರ್ಬನ್ ಡೈಆಕ್ಸೈಡ್ ಕೊಡುವುದರಿಂದ ಒಟ್ಟು 40. ಅಂದರೆ ಒಂದು ಕಿಲೋ ಸರಕಿಗೆ ಅರ್ಧ ಕಿಲೋ ಕಾರ್ಬನ್ ಡೈಆಕ್ಸೈಡ್. 90 ಸರಕಾಗಿ 10 ಸುಟ್ಟರೆ, ಕಿಲೋಗೆ ಸುಮಾರು 220 ಗ್ರಾಂ. ಈ 80, 90 ಎಂಬ ಅಂಕಕ್ಕೆ ಆಯ್ಕೆ ಪ್ರಮಾಣ ಎನ್ನಬಹುದು. ನೇರ ದಾರಿಯ ಕಾರ್ಖಾನೆಗಳ ಇಡೀ ಇತಿಹಾಸವೇ ಈ ಅಂಕವನ್ನು ಒಂದೊಂದಾಗಿ ಮೇಲೆತ್ತಿದ ಇತಿಹಾಸ.

ಸುಡುವ ಹತ್ತು ಪಾಲು, ಸರಕಾಗುವ ತೊಂಬತ್ತು ಪಾಲಿಗಿಂತ ಹೆಚ್ಚು ಬಿಸಿ ಹುಟ್ಟಿಸುತ್ತದೆ! ಒಂದು ಮೋಲ್ ಎಥಿಲೀನ್ ಸರಕಾದಾಗ ಹೊರಬರುವ ಶಾಖ ಸುಮಾರು 105 ಕಿಲೋಜೂಲ್. ಅದೇ ಪೂರ್ತಿ ಸುಟ್ಟರೆ 1,300 ಕಿಲೋಜೂಲ್‌ಗೂ ಹೆಚ್ಚು. ಬಿಸಿ ಏರಿದಷ್ಟೂ ಸುಡುವ ಪಾಲು ಹೆಚ್ಚು, ಸುಟ್ಟಷ್ಟೂ ಬಿಸಿ ಹೆಚ್ಚು. ಈ ಸುಳಿ ಶುರುವಾದರೆ ಕಾರ್ಖಾನೆಯೇ ಅಪಾಯದಲ್ಲಿ. ಅದಕ್ಕೆಂದೇ ಬೆಳ್ಳಿಯನ್ನು ಸಾವಿರಾರು ಸಪೂರ ಕೊಳವೆಗಳಲ್ಲಿ ತುಂಬಿ, ಸುತ್ತಲೂ ಒತ್ತಡದ ನೀರು ಹರಿಸುತ್ತಾರೆ. ನೀರು ಹಬೆಯಾಗಿ ಶಾಖವನ್ನು ಹೊತ್ತೊಯ್ಯುತ್ತದೆ, ಆ ಹಬೆ ಕಾರ್ಖಾನೆಯ ಬೇರೆ ಕೆಲಸಕ್ಕೆ ಒದಗುತ್ತದೆ. ಬೆಳ್ಳಿ ಹಳತಾಗಿದೆ ಎಂದು ತಿಳಿಯುವ ಬಗೆಯೂ ಇದೆ. ಅಷ್ಟೇ ಸರಕು ಬರಲು ಕೊಳವೆಗಳನ್ನು ಮೊದಲಿಗಿಂತ ಬಿಸಿಯಾಗಿಡಬೇಕಾಗುತ್ತದೆ, ಹೊರಬರುವ ಅನಿಲದಲ್ಲಿ ಕಾರ್ಬನ್ ಡೈಆಕ್ಸೈಡ್ ಏರುತ್ತಾ ಹೋಗುತ್ತದೆ.

ಏಳರಲ್ಲಿ ಆರು ಎಂಬ ಗೋಡೆ. ಈ ಆಯ್ಕೆ ಪ್ರಮಾಣ ನೂರಕ್ಕೆ 85.7 ದಾಟಲಾರದು ಎಂದು ಬಹುಕಾಲ ನಂಬಿದ್ದರು. ವಾದ ಚೆಲುವಾಗಿಯೇ ಇತ್ತು. ಬೆಳ್ಳಿಯ ಮೇಲೆ ಕುಳಿತ ಜೋಡಿ ಆಮ್ಲಜನಕದಲ್ಲಿ ಒಂದು ಪರಮಾಣು ಸರಕಿಗೆ ಸೇರುತ್ತದೆ, ಉಳಿದ ಒಂಟಿ ಪರಮಾಣು ಸುಡಲು ಮಾತ್ರ ಬರುತ್ತದೆ ಎಂದುಕೊಂಡರು. ಒಂದು ಎಥಿಲೀನ್ ಪೂರ್ತಿ ಸುಡಲು ಆರು ಪರಮಾಣು ಬೇಕು. ಆರು ಅಣು ಸರಕಾದಾಗ ಆರು ಒಂಟಿ ಪರಮಾಣು ಉಳಿದು, ಏಳನೆಯ ಎಥಿಲೀನನ್ನು ಸುಡುತ್ತವೆ. ಏಳರಲ್ಲಿ ಆರು ಎಂದರೆ 85.7. ಬೆಳ್ಳಿಗೆ ಚೂರು ಸೀಸಿಯಂ, ರೀನಿಯಂ ಸವರಿದ ಕ್ರಿಯಾವರ್ಧಕಗಳು ಬಂದ ಮೇಲೆ ಅಂಕ ಈ ಗೋಡೆಯನ್ನು ದಾಟಿ 90ರ ಹತ್ತಿರಕ್ಕೆ ಹೋಯಿತು. ಒಂಟಿ ಪರಮಾಣುವೂ ಸರಕಿಗೆ ಸೇರಬಲ್ಲದು ಎಂದು ಅದರಿಂದ ಖಾತ್ರಿಯಾಯಿತು.

ಹೊಸ ದಾರಿಯಲ್ಲೂ ಕ್ಲೋರಿನ್ ಇದೆ! ಹಾಯಿಸುವ ಅನಿಲಕ್ಕೆ ದಶಲಕ್ಷಕ್ಕೆ ಕೆಲವೇ ಪಾಲಿನಷ್ಟು ಕ್ಲೋರಿನ್ ಸಂಯುಕ್ತ ಬೆರೆಸುತ್ತಾರೆ, ಹಲವೆಡೆ ಅದೇ ಡೈಕ್ಲೋರೋಈಥೇನ್. ಅದು ಬೆಳ್ಳಿಯ ಮೇಲೆ ಕುಳಿತು ಸುಡುವ ಕ್ರಿಯೆಯನ್ನು ಹತ್ತಿಕ್ಕುತ್ತದೆ. ಕಡಿಮೆಯಾದರೆ ಎಥಿಲೀನ್ ಸುಡುತ್ತದೆ, ಹೆಚ್ಚಾದರೆ ಬೆಳ್ಳಿಯ ಚುರುಕೇ ಸಾಯುತ್ತದೆ.

ಎಲ್ಲಿಂದ ಎಣಿಸಲು ಶುರು ಮಾಡಬೇಕು? ಉತ್ತರಾಖಂಡದ ಕಾಶಿಪುರದಲ್ಲಿ ಇಂಡಿಯಾ ಗ್ಲೈಕಾಲ್ಸ್ ಕಾರ್ಖಾನೆ ಕಬ್ಬಿನ ಕಾಕಂಬಿಯಿಂದ ಬರುವ ಮದ್ಯಸಾರದಿಂದಲೂ ಎಥಿಲೀನ್ ಮಾಡಿ, ಅದನ್ನು ಎಥಿಲೀನ್ ಆಕ್ಸೈಡ್ ಆಗಿಸಿದೆ. ಮದ್ಯಸಾರದಿಂದ ಎಣಿಸಿದರೆ ಹಾಕಿದ್ದು 46 ಮತ್ತು 16, ಒಟ್ಟು 62. ಸಿಕ್ಕಿದ್ದು 44, ನೂರಕ್ಕೆ 71. ಎಥಿಲೀನಿನಿಂದ ಎಣಿಸಿದ ನೂರರ ಮುಂದೆ ಇದು ಸಣ್ಣದಾಗಿ ಕಾಣುತ್ತದೆ. ಆದರೆ ಕಳೆದುಹೋದ ಪಾಲೆಲ್ಲ ನೀರು, ಮೂಲ ಪದಾರ್ಥ ಗದ್ದೆಯಲ್ಲಿ ಮತ್ತೆ ಬೆಳೆಯುವಂಥದ್ದು. ಎರಡು ದಾರಿಗಳನ್ನು ತೂಗುವಾಗ ಒಂದೇ ಜಾಗದಿಂದ ಎಣಿಸದಿದ್ದರೆ ತೀರ್ಪು ತಪ್ಪುತ್ತದೆ. ಹೋದ ಪರಮಾಣು ನೀರಾಗಿ ಹೋಯಿತೋ ಕ್ಲೋರಿನ್ ತ್ಯಾಜ್ಯವಾಗಿ ಹೋಯಿತೋ ಎಂಬುದನ್ನು ಶೇಕಡಾವಾರು ಅಂಕ ಹೇಳುವುದಿಲ್ಲ, ನಾವೇ ಕೇಳಿ ತಿಳಿಯಬೇಕು.

ಬೆಳ್ಳಿಯ ಉಪಾಯ ಪಕ್ಕದ ಅಣುವಿಗೆ ನಡೆಯಲಿಲ್ಲ. ಎಥಿಲೀನಿಗಿಂತ ಒಂದೇ ಇಂಗಾಲ ಹೆಚ್ಚಿರುವ ಪ್ರೊಪಿಲೀನನ್ನು ಬೆಳ್ಳಿಯ ಮೇಲೆ ಹಾಯಿಸಿದರೆ ಬಹುಪಾಲು ಸುಟ್ಟೇ ಹೋಗುತ್ತದೆ. ಅದರ ಮೂರನೆಯ ಇಂಗಾಲದ ಮೇಲಿರುವ ಹೈಡ್ರೋಜನ್ ಸುಲಭವಾಗಿ ಕಿತ್ತುಬರುತ್ತದೆ, ಆಮ್ಲಜನಕ ಮೊದಲು ಅಲ್ಲಿಗೇ ಕೈಹಾಕುತ್ತದೆ. ಹಾಗಾಗಿ ಹಾಸಿಗೆಯ ಫೋಮಿಗೆ ಬೇಕಾಗುವ ಪ್ರೊಪಿಲೀನ್ ಆಕ್ಸೈಡಿಗೆ ಕ್ಲೋರಿನ್ ದಾರಿಯೇ ಗಟ್ಟಿಯಾಗಿ ಉಳಿಯಿತು. ಎಥಿಲೀನ್ ಆಕ್ಸೈಡ್ ಬಿಟ್ಟುಕೊಟ್ಟ ಹಳೆಯ ಘಟಕಗಳಲ್ಲಿ ಕೆಲವು ಇದಕ್ಕೇ ತಿರುಗಿದವು. ಕ್ಲೋರಿನ್ ಬಿಡಿಸುವ ಒಂದು ಹೊಸ ದಾರಿ 2008ರಲ್ಲಿ ತೆರೆಯಿತು. ಬೆಲ್ಜಿಯಂನ ಆಂಟ್‌ವರ್ಪ್‌ನಲ್ಲಿ ಬಿಎಎಸ್‌ಎಫ್ ಮತ್ತು ಡೌ ಕಂಪನಿಗಳು ಹೈಡ್ರೋಜನ್ ಪೆರಾಕ್ಸೈಡ್ ಬಳಸುವ ಕಾರ್ಖಾನೆ ಕಟ್ಟಿದವು. ಲೆಕ್ಕ ಹಾಕಿ: ಪ್ರೊಪಿಲೀನ್ 42, ಪೆರಾಕ್ಸೈಡ್ 34, ಸರಕು 58, ನೂರಕ್ಕೆ 76. ಉಳಿದ 18 ಬರೀ ನೀರು. 2010ರಲ್ಲಿ ಇದಕ್ಕೆ ಅಮೆರಿಕದ ಅಧ್ಯಕ್ಷರ ಹೆಸರಿನ ಹಸಿರು ರಸಾಯನಶಾಸ್ತ್ರ ಪ್ರಶಸ್ತಿ ಬಂತು.