ಗರ್ಭಕೋಶ ತೆಗೆಯದೆಯೇ ವಾಸಿಮಾಡುವ ಕ್ಯಾನ್ಸರ್

ಗರ್ಭಕಂಠದ ಕ್ಯಾನ್ಸರ್ ಎಂದು ಬಯಾಪ್ಸಿ ವರದಿ ಬಂದ ದಿನ ಮನೆಯವರು ಡಾಕ್ಟರ ಮುಂದೆ ಇಡುವ ಮೊದಲ ಮಾತು ಹೆಚ್ಚಾಗಿ ಇದೇ: “ಹೇಗೂ ಮಕ್ಕಳು ದೊಡ್ಡವರಾಗಿದ್ದಾರೆ ಡಾಕ್ಟ್ರೇ, ಗರ್ಭಕೋಶ ತೆಗೆದುಬಿಡಿ.” ಆಪರೇಷನ್ ಬೇಡ, ಕರೆಂಟ್ ಕೊಡೋಣ ಎಂಬ ಉತ್ತರ ಬಂದರೆ ಅವರ ಮುಖ ಬಾಡುತ್ತದೆ. ಆಪರೇಷನ್ ಮಾಡಲ್ಲ ಅಂದರೆ ಕೈಬಿಟ್ಟರು ಅಂತಲೇ ಅರ್ಥ ಎಂದುಕೊಂಡು, ಮಾಡಿಕೊಡುವ ನರ್ಸಿಂಗ್ ಹೋಮ್ ಹುಡುಕಿಕೊಂಡು ಹೊರಡುವವರೂ ಇದ್ದಾರೆ. ಅಲ್ಲಿ ಆಪರೇಷನ್ ಆಗಿಯೂ ಹೋದರೆ, ವಾಸಿಯಾಗಬಹುದಾಗಿದ್ದ ಕಾಯಿಲೆಯ ದಾರಿ ತಪ್ಪುತ್ತದೆ. ಯಾಕೆಂದರೆ ಈ ಕ್ಯಾನ್ಸರ್ ಒಂದು ಹಂತ ದಾಟಿದ ಮೇಲೆ ಚಿಕಿತ್ಸೆ ನಡೆಯಬೇಕಾದದ್ದು ಗರ್ಭಕೋಶದ ಒಳಗಿನಿಂದಲೇ.

ಇದನ್ನು ಒಬ್ಬ ರೋಗಿಯ ಉದಾಹರಣೆಯ ಮೂಲಕ ನೋಡೋಣ. ಐವತ್ತು ದಾಟಿದ, ಹೊಲದ ಕೆಲಸ ಮಾಡುವ ತಾಯಿಯೊಬ್ಬರು ಎಂದಿಟ್ಟುಕೊಳ್ಳಿ. ಮುಟ್ಟು ನಿಂತು ಮೂರು ವರ್ಷವಾಗಿದೆ. ಈಗ ಮತ್ತೆ ರಕ್ತ ಕಾಣಿಸುತ್ತಿದೆ, ವಾಸನೆಯ ಬಿಳಿಸೆರಗು ಹೋಗುತ್ತಿದೆ. ಗರ್ಭಕಂಠದಲ್ಲಿ 5 ಸೆಂ.ಮೀ. ಅಗಲದ ಗೆಡ್ಡೆ ಇದೆ. ಬಯಾಪ್ಸಿ ಕ್ಯಾನ್ಸರ್ ಎಂದಿದೆ. ಮುಂದೇನು ಎಂಬುದನ್ನು ತೀರ್ಮಾನಿಸುವುದು ಕಾಯಿಲೆಯ ಹಂತ.

ಹಂತ ತಿಳಿಯುವುದು ಹೇಗೆ?

ಸ್ಕ್ಯಾನ್‌ಗಳು ಬಂದ ಮೇಲೂ ಡಾಕ್ಟರ ಕೈ ಪರೀಕ್ಷೆ ತನ್ನ ಬೆಲೆ ಕಳೆದುಕೊಂಡಿಲ್ಲ. ಯೋನಿಯ ಮೂಲಕ ಗೆಡ್ಡೆಯ ಗಾತ್ರ ನೋಡಿದ ಮೇಲೆ ಡಾಕ್ಟರು ಗುದದ್ವಾರದಲ್ಲೂ ಬೆರಳಿಟ್ಟು ನೋಡುತ್ತಾರೆ. ಮುಜುಗರವಾದರೂ ಈ ಪರೀಕ್ಷೆ ಬೇಕೇ ಬೇಕು. ಗರ್ಭಕಂಠದ ಎರಡೂ ಪಕ್ಕ, ಸೊಂಟದ ಎಲುಬಿನ ಗೋಡೆಯವರೆಗೆ, ಮೆತ್ತಗಿನ ಅಂಗಾಂಶವೊಂದಿದೆ. ಅದು ಮೆತ್ತಗೇ ಇದೆಯೋ, ಗಟ್ಟಿಯಾಗಿದೆಯೋ ಎಂಬುದು ಆ ಬೆರಳಿಗೆ ಸಿಗುತ್ತದೆ. ಅದರ ಜೊತೆಗೆ ಎಂಆರ್‌ಐ ಸ್ಕ್ಯಾನ್ ಗೆಡ್ಡೆಯ ಅಳತೆಯನ್ನೂ ದುಗ್ಧಗ್ರಂಥಿಗಳ ಸ್ಥಿತಿಯನ್ನೂ ತೋರಿಸುತ್ತದೆ.

ಕಾಯಿಲೆ ಗರ್ಭಕಂಠದೊಳಗೇ ಇದ್ದರೆ ಅದು ಒಂದನೇ ಹಂತ. ಪಕ್ಕದ ಅಂಗಾಂಶಕ್ಕೆ ಇಳಿದಿದ್ದು, ಎಲುಬಿನ ಗೋಡೆ ಮುಟ್ಟಿರದಿದ್ದರೆ 2ಬಿ. ಗೋಡೆಯವರೆಗೆ ಹೋಗಿದ್ದರೆ, ಮೂತ್ರನಾಳವನ್ನು ಒತ್ತಿ ಕಿಡ್ನಿ ಊದುವಂತೆ ಮಾಡಿದ್ದರೆ ಅಥವಾ ದುಗ್ಧಗ್ರಂಥಿಗಳಿಗೆ ಹಬ್ಬಿದ್ದರೆ ಮೂರನೇ ಹಂತ. ಮೂತ್ರಕೋಶದ ಅಥವಾ ಗುದನಾಳದ ಒಳಪದರಕ್ಕೆ ನುಗ್ಗಿದ್ದರೆ, ದೂರದ ಅಂಗಗಳಿಗೆ ಹರಡಿದ್ದರೆ ನಾಲ್ಕನೆಯದು. ನಮ್ಮ ಉದಾಹರಣೆಯ ತಾಯಿಗೆ ಎಡಪಕ್ಕ ಗಟ್ಟಿಯಾಗಿದೆ, ಗೋಡೆಯವರೆಗೆ ಹೋಗಿಲ್ಲ. ಅವರದು 2ಬಿ.

ಯಾರಿಗೆ ಆಪರೇಷನ್, ಯಾರಿಗೆ ವಿಕಿರಣ?

ಗೆಡ್ಡೆ 4 ಸೆಂ.ಮೀ.ಗಿಂತ ಚಿಕ್ಕದಿದ್ದು ಗರ್ಭಕಂಠದೊಳಗೇ ಇದ್ದರೆ ಆಪರೇಷನ್ ಒಳ್ಳೆಯ ದಾರಿ. ಆದರೆ ಅದು ರಕ್ತಸ್ರಾವಕ್ಕೆಂದು ಮಾಡುವ ಮಾಮೂಲಿ ಗರ್ಭಕೋಶದ ಆಪರೇಷನ್ ಅಲ್ಲ. ಬಹಳ ಸಣ್ಣ ಕಾಯಿಲೆಯನ್ನು ಬಿಟ್ಟರೆ, ಸಾಮಾನ್ಯವಾಗಿ ಗರ್ಭಕೋಶದ ಜೊತೆ ಪಕ್ಕದ ಅಂಗಾಂಶ, ಯೋನಿಯ ಮೇಲ್ಭಾಗ, ಸೊಂಟದ ದುಗ್ಧಗ್ರಂಥಿಗಳು ಎಲ್ಲವನ್ನೂ ತೆಗೆಯಬೇಕು. ಚಿಕ್ಕ ವಯಸ್ಸಿನವರಲ್ಲಿ ಅಂಡಾಶಯ ಉಳಿಸಿಕೊಳ್ಳಬಹುದು ಎಂಬುದು ಇದರ ದೊಡ್ಡ ಅನುಕೂಲ. ವಿಕಿರಣ ಕೊಟ್ಟರೆ ಅಂಡಾಶಯ ಕೆಲಸ ನಿಲ್ಲಿಸಿ ಮುಟ್ಟು ಬೇಗ ನಿಂತುಹೋಗುತ್ತದೆ.

ಕಾಯಿಲೆ ಪಕ್ಕಕ್ಕೆ ಇಳಿದ ಮೇಲೆ ಲೆಕ್ಕ ಬದಲಾಗುತ್ತದೆ. ಕ್ಯಾನ್ಸರ್ ಆಪರೇಷನ್‌ನಲ್ಲಿ ಗೆಡ್ಡೆಯ ಸುತ್ತ ಕಾಯಿಲೆಯಿಲ್ಲದ ಅಂಚನ್ನೂ ಸೇರಿಸಿ ಕತ್ತರಿಸಬೇಕು. ಗರ್ಭಕಂಠದಿಂದ ಸುಮಾರು 2 ಸೆಂ.ಮೀ. ದೂರದಲ್ಲೇ ಮೂತ್ರನಾಳ ಹಾದುಹೋಗುತ್ತದೆ. ಮುಂದೆ ಮೂತ್ರಕೋಶ, ಹಿಂದೆ ಗುದನಾಳ. ಆ ಅಂಚಿಗೆ ಅಲ್ಲಿ ಜಾಗವೇ ಇರುವುದಿಲ್ಲ. ಕತ್ತರಿಸಿದರೂ ಕಾಯಿಲೆ ಅಲ್ಲೇ ಉಳಿಯುತ್ತದೆ, ಆಮೇಲೆ ವಿಕಿರಣವನ್ನೂ ಕೊಡಬೇಕಾಗುತ್ತದೆ. ಆಗ ಎರಡೂ ಚಿಕಿತ್ಸೆಗಳ ತೊಂದರೆ ಒಂದೇ ದೇಹದ ಮೇಲೆ ಬೀಳುತ್ತದೆ.

ಪಕ್ಕಕ್ಕೆ ಇಳಿಯದಿದ್ದರೂ ಗೆಡ್ಡೆ ದೊಡ್ಡದಾಗಿದ್ದರೆ ಹೀಗೇ ಆಗುವುದನ್ನು ಇಟಲಿಯ ವೈದ್ಯರು 1997ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿತು. ಆರಂಭದ ಹಂತದಲ್ಲಿ ಆಪರೇಷನ್ ಆದವರೂ ವಿಕಿರಣ ಪಡೆದವರೂ ಒಂದೇ ಪ್ರಮಾಣದಲ್ಲಿ ಬದುಕುಳಿದರು. ಆದರೆ 4 ಸೆಂ.ಮೀ. ಮೀರಿದ ಗೆಡ್ಡೆಯಿದ್ದು ಆಪರೇಷನ್ ಆದವರಲ್ಲಿ 100ಕ್ಕೆ 84 ಜನರಿಗೆ ಆಮೇಲೆ ವಿಕಿರಣವೂ ಬೇಕಾಯಿತು. ಮೊದಲು ಕೀಮೋ ಕೊಟ್ಟು ಗೆಡ್ಡೆ ಕುಗ್ಗಿಸಿ ಆಪರೇಷನ್ ಮಾಡಬಹುದಲ್ಲ ಎಂಬ ಪ್ರಶ್ನೆಯನ್ನು ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯ ವೈದ್ಯರು ಆರುನೂರಕ್ಕೂ ಹೆಚ್ಚು ಭಾರತೀಯ ಹೆಂಗಸರಲ್ಲಿ ಪರೀಕ್ಷಿಸಿದರು. 2018ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಐದು ವರ್ಷದ ಹೊತ್ತಿಗೆ ಕಾಯಿಲೆಯಿಲ್ಲದೆ ಇದ್ದವರು ಕೀಮೋ ಮತ್ತು ಆಪರೇಷನ್ ಗುಂಪಿನಲ್ಲಿ 100ಕ್ಕೆ 69, ವಿಕಿರಣ ಮತ್ತು ಕೀಮೋ ಒಟ್ಟಿಗೆ ಪಡೆದ ಗುಂಪಿನಲ್ಲಿ 77. ಆ ತಾಯಿಗೆ ಆಪರೇಷನ್ ಬೇಡ ಎನ್ನುವ ಡಾಕ್ಟರು ಹೆಚ್ಚು ಗುಣಕೊಡುವ ದಾರಿಯನ್ನೇ ಆರಿಸುತ್ತಿದ್ದಾರೆ.

ಹೊರಗಿನ ಕರೆಂಟ್: ಐದು ವಾರ

ಮೊದಲ ಭಾಗ ಹೊರಗಿನಿಂದ ಕೊಡುವ ವಿಕಿರಣ. ಸೋಮವಾರದಿಂದ ಶುಕ್ರವಾರದವರೆಗೆ ದಿನಕ್ಕೊಂದು ಸಲ, ಒಟ್ಟು 25 ಸಲ. ವಿಕಿರಣವನ್ನು ಅಳೆಯುವ ಮಾನ ಗ್ರೇ. ಈ ಐದು ವಾರದಲ್ಲಿ 45ರಿಂದ 50 ಗ್ರೇ ಇಡೀ ಸೊಂಟಕ್ಕೆ ಸೇರುತ್ತದೆ. ಮೇಜಿನ ಮೇಲೆ ಅಲ್ಲಾಡದೆ ಮಲಗಿರಬೇಕು, ನೋವಿರುವುದಿಲ್ಲ, ಕೆಲವು ನಿಮಿಷದಲ್ಲಿ ಮುಗಿಯುತ್ತದೆ. ನೀರು ಕುಡಿದು ಮೂತ್ರಕೋಶ ತುಂಬಿಸಿಕೊಂಡು ಬರಲು ಹೇಳುತ್ತಾರೆ. ತುಂಬಿದ ಮೂತ್ರಕೋಶ ಕರುಳನ್ನು ಮೇಲಕ್ಕೆ ತಳ್ಳಿ ವಿಕಿರಣದಿಂದ ದೂರ ಇಡುತ್ತದೆ.

ಇದರ ಜೊತೆ ವಾರಕ್ಕೊಮ್ಮೆ ಸಿಸ್‌ಪ್ಲಾಟಿನ್ ಎಂಬ ಕೀಮೋ ಔಷಧ. ಮೈಯ ಮೇಲ್ಮೈ ಅಳತೆಯ ಪ್ರತಿ ಚದರ ಮೀಟರಿಗೆ 40 ಮಿ.ಗ್ರಾಂ. ಆ ತಾಯಿಯ ಅಳತೆ 1.4 ಚದರ ಮೀಟರ್ ಇದ್ದರೆ ವಾರಕ್ಕೆ 56 ಮಿ.ಗ್ರಾಂ. ವಿಕಿರಣದಿಂದ ಪೆಟ್ಟು ತಿಂದ ಕ್ಯಾನ್ಸರ್ ಕೋಶ ತನ್ನನ್ನು ತಾನು ದುರಸ್ತಿ ಮಾಡಿಕೊಳ್ಳದಂತೆ ತಡೆಯುವುದು ಇದರ ಕೆಲಸ. ಔಷಧ ಕಿಡ್ನಿಯ ಮೂಲಕ ಹೊರಹೋಗುವುದರಿಂದ ಪ್ರತಿ ವಾರ ಕ್ರಿಯಾಟಿನಿನ್ ಮತ್ತು ರಕ್ತಕಣಗಳ ಪರೀಕ್ಷೆ ಮಾಡಿ, ಸಾಕಷ್ಟು ಸಲೈನ್ ಹಾಕಿ ಕೊಡುತ್ತಾರೆ. ಕಿಡ್ನಿ ಸರಿಯಿಲ್ಲದಿದ್ದರೆ ಬೇರೆ ದಾರಿ ಯೋಚಿಸಬೇಕಾಗುತ್ತದೆ. ಹಿಮೋಗ್ಲೋಬಿನ್ ತೀರಾ ಇಳಿದಿದ್ದರೆ ರಕ್ತ ಕೊಡುತ್ತಾರೆ, ಯಾಕೆಂದರೆ ಆಮ್ಲಜನಕ ಸಿಗದ ಗೆಡ್ಡೆಗೆ ವಿಕಿರಣ ಸರಿಯಾಗಿ ನಾಟುವುದಿಲ್ಲ.

ಎರಡು ಮೂರು ವಾರದಲ್ಲಿ ಭೇದಿ, ಉರಿಮೂತ್ರ, ಸುಸ್ತು ಶುರುವಾಗುತ್ತವೆ. ಅದೇ ಹೊತ್ತಿಗೆ ರಕ್ತ ಹೋಗುವುದು ನಿಲ್ಲುತ್ತಾ ಬರುತ್ತದೆ. ಅಪಾಯದ ತಿರುವು ಇದು. “ಈಗ ಆರಾಮಾಗಿದ್ದೀನಿ, ಸಾಕು” ಎಂದು ಎಷ್ಟೋ ಜನ ಊರಿಗೆ ಹೋಗಿಬಿಡುತ್ತಾರೆ.

ಒಳಗಿನ ಕರೆಂಟ್: ಗರ್ಭಕೋಶವೇ ಯಾಕೆ ಬೇಕು?

5 ಸೆಂ.ಮೀ. ಗೆಡ್ಡೆ ಸಾಯಬೇಕಾದರೆ ಅದಕ್ಕೆ 80ರಿಂದ 85 ಗ್ರೇ ಅಥವಾ ಇನ್ನೂ ಹೆಚ್ಚು ಬೇಕು. ಅಷ್ಟನ್ನೂ ಹೊರಗಿನಿಂದ ಕೊಟ್ಟರೆ ಕರುಳು ಸುಟ್ಟುಹೋಗುತ್ತದೆ. ಹಾಗಾಗಿ ಉಳಿದ ಪಾಲನ್ನು ಒಳಗಿನಿಂದ ಕೊಡುತ್ತಾರೆ. ಇದೇ ಬ್ರೇಕಿಥೆರಪಿ.

ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಅಥವಾ ಮಂಪರು ಬರಿಸಿ, ತೆಳುವಾದ ಒಂದು ನಳಿಕೆಯನ್ನು ಗರ್ಭಕಂಠದ ಮೂಲಕ ಗರ್ಭಕೋಶದೊಳಕ್ಕೆ ಇಳಿಸುತ್ತಾರೆ. ಗರ್ಭಕಂಠದ ಎಡಕ್ಕೊಂದು, ಬಲಕ್ಕೊಂದು ನಳಿಕೆ ಕೂರಿಸುತ್ತಾರೆ. ಮೂತ್ರಕೋಶ ಮತ್ತು ಗುದನಾಳ ದೂರ ಸರಿಯುವಂತೆ ಯೋನಿಯೊಳಗೆ ಗಾಜ್ ಬಟ್ಟೆ ತುಂಬುತ್ತಾರೆ. ಸ್ಕ್ಯಾನ್ ಮಾಡಿ ಯಾವ ಜಾಗಕ್ಕೆ ಎಷ್ಟು ಎಂದು ಲೆಕ್ಕ ಹಾಕಿದ ಮೇಲೆ, ಯಂತ್ರದಿಂದ ಇರಿಡಿಯಂನ ಪುಟ್ಟ ತುಣುಕೊಂದು ತಂತಿಯ ತುದಿಯಲ್ಲಿ ಬಂದು, ನಳಿಕೆಗಳೊಳಗೆ ಜಾಗ ಜಾಗದಲ್ಲಿ ನಿಂತು, ಕೆಲವು ನಿಮಿಷಗಳಲ್ಲಿ ವಾಪಸು ಹೋಗುತ್ತದೆ. ನಳಿಕೆ ತೆಗೆದ ಮೇಲೆ ಮೈಯಲ್ಲಿ ವಿಕಿರಣ ಉಳಿಯುವುದಿಲ್ಲ. ಮನೆಗೆ ಹೋಗಿ ಮೊಮ್ಮಕ್ಕಳನ್ನು ಎತ್ತಿಕೊಳ್ಳಬಹುದು.

ಇದರ ಬಲವಿರುವುದು ದೂರದ ಲೆಕ್ಕದಲ್ಲಿ. ಒಲೆಯ ಬಾಯಲ್ಲಿ ಕೂತವರಿಗೆ ತಟ್ಟುವ ಝಳ ನಾಲ್ಕು ಹೆಜ್ಜೆ ಹಿಂದೆ ಸರಿದರೆ ತಟ್ಟುವುದಿಲ್ಲ. ಹಾಗೆಯೇ ಆ ತುಣುಕಿನಿಂದ 1 ಸೆಂ.ಮೀ. ದೂರದಲ್ಲಿ ಇರುವ ಕಾವು 2 ಸೆಂ.ಮೀ.ನಲ್ಲಿ ನಾಲ್ಕನೇ ಒಂದು, 3 ಸೆಂ.ಮೀ.ನಲ್ಲಿ ಒಂಬತ್ತನೇ ಒಂದು ಪಾಲಿಗೆ ಇಳಿಯುತ್ತದೆ. ಗೆಡ್ಡೆಗೆ ಪೂರ್ತಿ ಪೆಟ್ಟು, ಆಚೆಯ ಕರುಳಿಗೆ ಅಲ್ಪ. 7 ಗ್ರೇಯಂತೆ ನಾಲ್ಕು ಸಲ ಕೊಡುವುದು ಒಂದು ರೂಢಿಯ ಕ್ರಮ. ಒಂದೊಂದು ಸಲಕ್ಕೂ ಹೆಚ್ಚು ಪ್ರಮಾಣ ಬೀಳುವುದರಿಂದ ಆ 28 ಗ್ರೇಯ ಪರಿಣಾಮ ಸುಮಾರು 40ಕ್ಕೆ ಸಮ. ಹೊರಗಿನ 45ರ ಜೊತೆ ಸೇರಿದರೆ 84ರ ಆಸುಪಾಸು ಮುಟ್ಟುತ್ತದೆ.

ಗರ್ಭಕೋಶವನ್ನು ಮೊದಲೇ ತೆಗೆದುಬಿಟ್ಟರೆ ನಳಿಕೆ ಇಳಿಸುವ ಜಾಗವೇ ಇಲ್ಲ. ಯೋನಿಯ ತುದಿಯಿಂದ ಕೊಟ್ಟರೆ ವಿಕಿರಣ ಮೇಲ್ಪದರಕ್ಕಷ್ಟೇ ತಾಗುತ್ತದೆ, ಪಕ್ಕದಲ್ಲಿ ಉಳಿದ ಕಾಯಿಲೆಯನ್ನು ಮುಟ್ಟುವುದಿಲ್ಲ. ಖಾಲಿಯಾದ ಜಾಗಕ್ಕೆ ಕರುಳು ಇಳಿದು ಕೂರುವುದರಿಂದ ಹೊರಗಿನಿಂದ ಕೊಡುವುದೂ ಕಷ್ಟ. ಈ ಅನಾಹುತ ಹೆಚ್ಚಾಗಿ ಆಗುವುದು ಕ್ಯಾನ್ಸರ್ ಎಂದು ಗೊತ್ತಾಗುವ ಮೊದಲೇ. ರಕ್ತಸ್ರಾವ ಎಂದು ಗರ್ಭಕೋಶ ತೆಗೆದುಬಿಟ್ಟಿರುತ್ತಾರೆ, ಆಮೇಲೆ ಬಂದ ಲ್ಯಾಬ್ ವರದಿಯಲ್ಲಿ ಕ್ಯಾನ್ಸರ್ ಇರುತ್ತದೆ.

ಎಂಟು ವಾರದ ಗಡುವು

ಹೊರಗಿನದೂ ಒಳಗಿನದೂ ಸೇರಿ ಇಡೀ ಚಿಕಿತ್ಸೆ ಎಂಟು ವಾರದೊಳಗೆ ಮುಗಿಯಬೇಕು. ತಡವಾದರೆ ಉಳಿದ ಕೋಶಗಳು ಬೇಗ ಬೇಗ ಬೆಳೆಯತೊಡಗುತ್ತವೆ. ಗಡುವು ಮೀರಿದ ಒಂದೊಂದು ದಿನಕ್ಕೂ ಸೊಂಟದಲ್ಲಿ ಕಾಯಿಲೆ ಹತೋಟಿಗೆ ಬರುವ ಸಾಧ್ಯತೆ ಸುಮಾರು ಶೇಕಡಾ ಒಂದರಷ್ಟು ಇಳಿಯುತ್ತದೆ ಎಂದು ವಿಕಿರಣ ತಜ್ಞರು ಲೆಕ್ಕ ಹಾಕಿದ್ದಾರೆ. ಒಳಗಿನ ಕರೆಂಟ್ ಬಿಟ್ಟು ಊರಿಗೆ ಹೋದವರಿಗಂತೂ ಬೇಕಾದದ್ದರಲ್ಲಿ ಅರ್ಧವಷ್ಟೇ ಸಿಕ್ಕಿರುತ್ತದೆ. ಹಬ್ಬ, ಸುಗ್ಗಿ, ಮದುವೆ ಏನೇ ಇದ್ದರೂ ಈ ಎಂಟು ವಾರ ಮುಂದಕ್ಕೆ ಹಾಕುವಂಥದ್ದಲ್ಲ.

ಮುಗಿದ ಸುಮಾರು ಮೂರು ತಿಂಗಳಿಗೆ ಗೆಡ್ಡೆ ಕರಗಿದೆಯೇ ಎಂದು ನೋಡುತ್ತಾರೆ. ಮೊದಲ ಎರಡು ವರ್ಷ ಮೂರು ಮೂರು ತಿಂಗಳಿಗೊಮ್ಮೆ ಹೋಗಿ ತೋರಿಸಿಕೊಳ್ಳುವುದು ರೂಢಿ. ಮಲದಲ್ಲಿ ರಕ್ತ ಬೀಳುವುದು, ಮೂತ್ರದಲ್ಲಿ ರಕ್ತ ಕಾಣುವುದು ತಿಂಗಳುಗಳ ಅಥವಾ ವರ್ಷಗಳ ಮೇಲೆ ಶುರುವಾಗಬಹುದು. ಹಾಗಾದರೆ ಮನೆಮದ್ದು ಮಾಡುತ್ತಾ ಕೂರದೆ, ಕರೆಂಟ್ ಕೊಟ್ಟ ಡಾಕ್ಟರಿಗೇ ಹೇಳಬೇಕು. ಯೋನಿ ಒಣಗಿ ಕಿರಿದಾಗುವುದೂ ಸಾಮಾನ್ಯ. ಅದು ಅಂಟಿಕೊಳ್ಳದಂತೆ ಡೈಲೇಟರ್ ಬಳಸಲು ಕಲಿಸಿಕೊಡುತ್ತಾರೆ. ನಾಚಿಕೆಯಿಂದ ಕೇಳದೆ ಉಳಿಯುವವರೇ ಹೆಚ್ಚು. ಈ ಕಷ್ಟಕ್ಕೂ ಔಷಧವಿದೆ, ಕೇಳಬೇಕು.

ಮನೆಯ ಹೆಂಗಸಿಗೆ ರಕ್ತಸ್ರಾವವಾಗಿ ಯಾರಾದರೂ “ಗರ್ಭಕೋಶ ತೆಗೆದುಬಿಡೋಣ” ಅಂದರೆ, ದಿನ ಗೊತ್ತುಮಾಡುವ ಮೊದಲು ಒಂದು ಮಾತು ಕೇಳಿ: “ಗರ್ಭಕಂಠ ನೋಡಿದ್ದೀರಾ ಡಾಕ್ಟ್ರೇ, ಪ್ಯಾಪ್ ಪರೀಕ್ಷೆ ಅಥವಾ ಬಯಾಪ್ಸಿ ಆಗಿದೆಯಾ?” ಇಲ್ಲ ಎಂದರೆ ಆಪರೇಷನ್ ನಿಲ್ಲಲಿ, ಪರೀಕ್ಷೆ ಮೊದಲು ಆಗಲಿ. ಕ್ಯಾನ್ಸರ್ ಎಂದು ಬಂದರೆ ಎರಡನೆಯ ಪ್ರಶ್ನೆ: “ಎಷ್ಟನೇ ಹಂತ, ಪಕ್ಕಕ್ಕೆ ಇಳಿದಿದೆಯಾ?” ಆ ಉತ್ತರ ಸಿಗುವವರೆಗೆ ಗರ್ಭಕೋಶಕ್ಕೆ ಯಾರೂ ಕತ್ತರಿ ಇಡಬಾರದು.