ಒಂದೂವರೆ ನಿಮಿಷದ ಬೀಳ್ಕೊಡುಗೆ

ಮೇ 31ರಂದು ರಾಜ್ಯದ ಸರ್ಕಾರಿ ಕಚೇರಿಗಳಲ್ಲಿ ಹಾರ, ಶಾಲುಗಳಿಗೆ ಬಿಡುವಿರುವುದಿಲ್ಲ. ಅರವತ್ತು ತುಂಬಿದ ತಿಂಗಳ ಕೊನೆಯ ದಿನ ವಯೋನಿವೃತ್ತಿ. ಒಂದನೇ ತಾರೀಖು ಹುಟ್ಟಿದವರಿಗೆ ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತಿ. ಶಾಲೆಗೆ ಸೇರಿಸುವಾಗ ಜನ್ಮದಿನ ಜೂನ್ 1 ಎಂದು ಬರೆಸಿಕೊಂಡವರು ಆ ತಲೆಮಾರಿನಲ್ಲಿ ಬಹಳ. ಹಾಗಾಗಿ ಒಂದೇ ವೇದಿಕೆಯಲ್ಲಿ ಮೂವರೋ ನಾಲ್ವರೋ ಕೂತಿರುತ್ತಾರೆ. ಒಬ್ಬೊಬ್ಬರ ಬಗ್ಗೆ ಎರಡು ಮಾತು ಆಡುವ ಹೊಣೆ ಯಾರಾದರೂ ಕಿರಿಯರ ಹೆಗಲಿಗೆ ಬೀಳುತ್ತದೆ, ಜೊತೆಗೆ ಕೈಗೊಂದು ಪಟ್ಟಿಯೂ ಬರುತ್ತದೆ.

ಆ ಪಟ್ಟಿ ಹುಟ್ಟುವುದು ಸಾಮಾನ್ಯವಾಗಿ ಸೇವಾ ಪುಸ್ತಕದಿಂದ. ನೇಮಕಾತಿ, ವರ್ಗಾವಣೆ, ಬಡ್ತಿ, ರಜೆ ಎಲ್ಲ ಅಲ್ಲಿ ದಾಖಲಾಗಿರುತ್ತವೆ. ಪಕ್ಕದ ಮೇಜಿನವರು ದಿನವೂ ಕಣ್ಣಾರೆ ಕಂಡದ್ದು ಮಾತ್ರ ಅಲ್ಲಿರುವುದಿಲ್ಲ. ಸಭೆಯಲ್ಲಿ ಆಡಬೇಕಾದದ್ದು ಅದನ್ನೇ.

ಉದಾಹರಣೆಗೆ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಿಂದ ನಿವೃತ್ತರಾಗುವ ಒಬ್ಬ ಮಹಿಳಾ ನೌಕರರನ್ನು ಕಲ್ಪಿಸಿಕೊಳ್ಳೋಣ. ಅವರ ಪಟ್ಟಿ ಹೀಗಿದೆ:

• 1994ರಲ್ಲಿ ದ್ವಿತೀಯ ದರ್ಜೆ ಸಹಾಯಕಿಯಾಗಿ ಸೇರ್ಪಡೆ, 2008ರಲ್ಲಿ ಬಡ್ತಿ
• ಭೂಮಿ ಯೋಜನೆಯಡಿ ಪಹಣಿ ಗಣಕೀಕರಣದಲ್ಲಿ ಭಾಗಿ
• ರೆಕಾರ್ಡ್ ರೂಮಿನ ಕಡತಗಳ ಮರುಜೋಡಣೆ, ಸೂಚಿ ತಯಾರಿಕೆ
• ಆರು ಚುನಾವಣೆಗಳಲ್ಲಿ ಕರ್ತವ್ಯ ನಿರ್ವಹಣೆ
• 2019ರ ನೆರೆ ಪರಿಹಾರ ಅರ್ಜಿಗಳ ವಿಲೇವಾರಿ
• ಜಿಲ್ಲಾ ಮಟ್ಟದ ಸರ್ವೋತ್ತಮ ಸೇವಾ ಪ್ರಶಸ್ತಿ
• ಹೊಸ ಸಿಬ್ಬಂದಿಗೆ ತರಬೇತಿ

ಇದನ್ನು ಹಾಗೇ ಓದಿದರೆ ಏನಾಗುತ್ತದೆಂದು ಸಭೆಗಳಿಗೆ ಹೋದವರಿಗೆಲ್ಲ ಗೊತ್ತು. ‘ಅಷ್ಟೇ ಅಲ್ಲದೆ’, ‘ಅದೇ ರೀತಿ’ ಎನ್ನುತ್ತಾ ಏಳು ಸಾಲು ಮುಗಿಯುವುದರೊಳಗೆ ಹಿಂದಿನ ಸಾಲಿನವರು ಊಟದ ವಿಚಾರ ಮಾತಾಡುತ್ತಿರುತ್ತಾರೆ.

ಮೊದಲ ಕೆಲಸ ಕೇಳುವುದು. ಪಟ್ಟಿ ಹಿಡಿದು, ಅವರ ಜೊತೆ ಹೆಚ್ಚು ಕಾಲ ಕೆಲಸ ಮಾಡಿದ ಇಬ್ಬರ ಬಳಿ ಹೋಗಬೇಕು. ಅದರಲ್ಲಿ ಒಬ್ಬರು ಕಚೇರಿಯ ಅಟೆಂಡರ್ ಆಗಿದ್ದರೆ ಇನ್ನೂ ಒಳ್ಳೆಯದು, ಎಲ್ಲರ ಮೇಜಿನ ಬಳಿಯೂ ಓಡಾಡಿದವರು ಅವರು. ಪ್ರತಿ ಸಾಲಿಗೂ ಮೂರು ಪ್ರಶ್ನೆ ಸಾಕು: ಇದಕ್ಕೆ ಮುಂಚೆ ಹೇಗಿತ್ತು? ಅವರು ನಿಜವಾಗಿ ಏನು ಮಾಡಿದರು? ಅದರಿಂದ ಯಾರ ಕಷ್ಟ ಕಡಿಮೆಯಾಯಿತು? ನಮ್ಮ ಪಟ್ಟಿಯ ‘ಕಡತಗಳ ಮರುಜೋಡಣೆ’ಯನ್ನು ಹೀಗೆ ಕೆದಕಿದರೆ, ಮೊದಲು ಹಳೆಯ ನಕಲು ಬೇಕೆಂದವರು ಹದಿನೈದು ದಿನ ಅಲೆಯುತ್ತಿದ್ದರು, ಸೂಚಿ ಸಿದ್ಧವಾದ ಮೇಲೆ ಅಂದೇ ಸಿಗತೊಡಗಿತು ಎಂಬುದು ಹೊರಬರುತ್ತದೆ. ನೆರೆಯ ಸಾಲನ್ನು ಕೆದಕಿದರೆ ಅದೇ ಸೂಚಿ ಮತ್ತೆ ಕಾಣಿಸುತ್ತದೆ. ಕೆಲವು ಸಾಲುಗಳಿಂದ ಏನೂ ಸಿಗುವುದಿಲ್ಲ. ಚುನಾವಣಾ ಕರ್ತವ್ಯವನ್ನು ಕಚೇರಿಯ ಎಲ್ಲರೂ ಮಾಡಿದ್ದಾರೆ.

ಎರಡನೆಯದು ಬಿಡುವುದು. ಸಭೆಯಲ್ಲಿ ನಿಧಾನವಾಗಿ ಮಾತಾಡಿದರೆ ನಿಮಿಷಕ್ಕೆ ಸುಮಾರು 80ರಿಂದ 100 ಕನ್ನಡ ಪದಗಳು ಹಿಡಿಸುತ್ತವೆ. ಒಂದೂವರೆ ನಿಮಿಷಕ್ಕೆ ಎರಡು ಘಟನೆಗಿಂತ ಹೆಚ್ಚು ಕೂರುವುದಿಲ್ಲ. ಆದ್ದರಿಂದ ಒಂದೇ ಗುಣ ಆರಿಸಿಕೊಂಡು, ಅದಕ್ಕೆ ಸಾಕ್ಷಿ ಹೇಳುವ ಸಾಲುಗಳನ್ನಷ್ಟೇ ಉಳಿಸಿಕೊಳ್ಳಬೇಕು. ಇಲ್ಲಿ ಆ ಗುಣ ಬಂದವರನ್ನು ಸುಮ್ಮನೆ ಅಲೆಸದಿರುವುದು. ಸೂಚಿ, ನೆರೆ, ತರಬೇತಿ ಮೂರೂ ಅದಕ್ಕೆ ಹೊಂದುತ್ತವೆ. ಪ್ರಶಸ್ತಿ ದೊಡ್ಡದೇ, ಆದರೆ ಅದನ್ನು ನಿರೂಪಕರು ಪರಿಚಯದಲ್ಲಿ ಹೇಳಿಯೇ ಹೇಳುತ್ತಾರೆ.

ಮೂರನೆಯದು ಭಾಷೆ. ಪಟ್ಟಿಯ ಸಾಲುಗಳೆಲ್ಲ ‘ನಿರ್ವಹಣೆ’, ‘ವಿಲೇವಾರಿ’, ‘ತಯಾರಿಕೆ’ ಎಂದು ಮುಗಿಯುತ್ತವೆ, ಯಾರು ಮಾಡಿದರು ಎಂಬುದೇ ಅವುಗಳಲ್ಲಿ ಕಾಣುವುದಿಲ್ಲ. ಅವನ್ನು ಬಿಚ್ಚಿದರು, ಬರೆದರು, ಹುಡುಕಿದರು ಎಂಬ ಕ್ರಿಯಾಪದಗಳಾಗಿ ಬದಲಿಸಬೇಕು. ‘ಗಣಕೀಕರಣಗೊಳಿಸಿದ ತಂಡದಲ್ಲಿ ಪಾಲ್ಗೊಂಡ ಕೀರ್ತಿಗೆ ಪಾತ್ರರಾದ’ ಎಂದು ವಾಕ್ಯ ಉದ್ದವಾದಷ್ಟೂ ಕೇಳುವವರು ಕ್ರಿಯಾಪದಕ್ಕಾಗಿ ಕಾಯುತ್ತಲೇ ಇರಬೇಕಾಗುತ್ತದೆ. ಓದುವವರಾದರೆ ಹಿಂದಕ್ಕೆ ಹೋಗಿ ನೋಡಬಹುದು, ಕೇಳುವವರಿಗೆ ಆ ಅನುಕೂಲವಿಲ್ಲ. ಇಸವಿಗಳದ್ದೂ ಇದೇ ಪಾಡು: ಕಾಗದದ ಮೇಲೆ ನಾಲ್ಕಂಕಿಯ 1994, ಬಾಯಲ್ಲಿ ‘ಸಾವಿರದ ಒಂಬೈನೂರ ತೊಂಬತ್ನಾಲ್ಕು’. ‘ನೆರೆ ಬಂದ ವರ್ಷ’ ಎಂದರೆ ಎಲ್ಲರಿಗೂ ತಕ್ಷಣ ನೆನಪಾಗುತ್ತದೆ.

ಕನ್ನಡದಲ್ಲಿ ಇನ್ನೊಂದು ಅಪಾಯ ಕಾಲಸೂಚಕದ್ದು. ‘ಅವರು ಬಹಳ ಒಳ್ಳೆಯವರಾಗಿದ್ದರು, ಎಲ್ಲರನ್ನೂ ಪ್ರೀತಿಸುತ್ತಿದ್ದರು’ ಎಂದರೆ ಎದುರಿಗೆ ಹಾರ ಹಾಕಿಕೊಂಡು ಕೂತವರಿಗೇ ಶ್ರದ್ಧಾಂಜಲಿ ಸಲ್ಲಿಸಿದಂತೆ. ಮುಗಿದ ಕೆಲಸಕ್ಕೆ ಭೂತಕಾಲ ಸರಿ, ಗುಣದ ಮಾತು ವರ್ತಮಾನದಲ್ಲೇ ಇರಬೇಕು.

ಇಷ್ಟು ಮಾಡಿದ ಮೇಲೆ ನಮ್ಮ ಪಟ್ಟಿ ಮಾತಾಗಿ ಹೀಗೆ ಬರಬಹುದು:

“ನಮ್ಮ ಮೇಡಂಗೆ ‘ನಾಳೆ ಬನ್ನಿ’ ಎನ್ನುವ ಮಾತೇ ಬರುವುದಿಲ್ಲ. ಅವರು ರೆಕಾರ್ಡ್ ರೂಮಿಗೆ ಬರುವ ಮೊದಲು, ಹಳೆಯ ನಕಲು ಕೇಳಿದವರನ್ನು ನಾವು ಹದಿನೈದು ದಿನ ಬಿಟ್ಟು ಬನ್ನಿ ಎಂದು ಕಳಿಸುತ್ತಿದ್ದೆವು. ಕಡತ ಎಲ್ಲಿದೆ ಎಂದು ನಮಗೇ ಗೊತ್ತಿರಲಿಲ್ಲ. ಮೇಡಂ ಒಂದೊಂದೇ ಕಟ್ಟು ಬಿಚ್ಚಿದರು. ಊರು, ಖಾತೆದಾರರ ಹೆಸರು, ಸರ್ವೆ ನಂಬರು ಹಿಡಿದು ಸೂಚಿ ಬರೆದರು. ಆಮೇಲೆ ಬೆಳಿಗ್ಗೆ ಅರ್ಜಿ ಕೊಟ್ಟವರು ಸಂಜೆಗೆ ನಕಲು ಹಿಡಿದು ಮನೆಗೆ ಹೋದರು. ಆ ಸೂಚಿಯ ಬೆಲೆ ನಮಗೆ ಪೂರ್ತಿ ಗೊತ್ತಾದದ್ದು ನೆರೆ ಬಂದ ವರ್ಷ. ಜನ ಬರಿಗೈಯಲ್ಲಿ ಬಂದರು. ಕಾಗದ ಎಲ್ಲ ನೀರುಪಾಲು, ಸರ್ವೆ ನಂಬರು ನೆನಪಿಲ್ಲ. ಮೇಡಂ ಊರು ಕೇಳಿದರು, ಅಪ್ಪನ ಹೆಸರು ಕೇಳಿದರು, ಸೂಚಿ ತಿರುವಿ ನಂಬರು ಹುಡುಕಿ ಅರ್ಜಿಯ ಮೇಲೆ ತಾವೇ ಬರೆದುಕೊಟ್ಟರು. ಮೇಡಂ, ಆ ಸೂಚಿ ನೋಡುವುದು ಹೇಗೆಂದು ನಮ್ಮನ್ನೆಲ್ಲ ಕೂರಿಸಿಕೊಂಡು ಕಲಿಸಿದ್ದೀರಿ. ಇನ್ನು ಮುಂದೆ ಕೌಂಟರಿಗೆ ಯಾರೇ ಬಂದರೂ ‘ನಾಳೆ ಬನ್ನಿ’ ಎನ್ನದೆ ಕಳಿಸುವ ಜವಾಬ್ದಾರಿ ನಮ್ಮದು.”

ಇಲ್ಲಿ ‘ಸರಳ, ಸಜ್ಜನ, ಹಸನ್ಮುಖಿ’ ಎಂಬ ಒಂದು ವಿಶೇಷಣವೂ ಇಲ್ಲ. ಉಳಿದ ಸಂಖ್ಯೆ ‘ಹದಿನೈದು ದಿನ’ ಒಂದೇ, ಅದೂ ಅವರ ಕೆಲಸದಿಂದ ಆದ ವ್ಯತ್ಯಾಸ ತೋರಿಸುವುದಕ್ಕೆ. ಅಲ್ಲಿಯವರೆಗೆ ಸಭೆಗೆ ಹೇಳುತ್ತಿದ್ದವರು ಕೊನೆಯ ಎರಡು ವಾಕ್ಯಕ್ಕೆ ಮೇಡಂ ಕಡೆ ತಿರುಗುತ್ತಾರೆ. ಆ ತಿರುವನ್ನು ಇನ್ನೂ ಮುಂಚೆ ಇಟ್ಟರೆ, ಮೇಡಂಗೆ ಗೊತ್ತಿರುವುದನ್ನೇ ಮೇಡಂಗೆ ಹೇಳಿದಂತಾಗುತ್ತದೆ.

ಮಾತು ಸರಿಯಾಗಿದೆಯೇ ಎಂದು ನೋಡಲು, ಅದೇ ವೇದಿಕೆಯಲ್ಲಿ ಕೂತಿರುವ ಇನ್ನೊಬ್ಬರ ಹೆಸರು ಹಾಕಿ ಓದಿ. ಹೊಂದಿಕೊಂಡರೆ ಮತ್ತೆ ಅಟೆಂಡರ್ ಬಳಿಗೆ ಹೋಗಬೇಕು. ಹಾಗೆಂದು ಘಟನೆ ಸಿಗದಿದ್ದರೆ ಕಟ್ಟುವಂತಿಲ್ಲ. ನಿಜ ಗೊತ್ತಿರುವವರೇ ಸಭೆಯಲ್ಲಿ ಕೂತಿರುತ್ತಾರೆ. ಸಿಕ್ಕ ಘಟನೆಯನ್ನೂ ನಿವೃತ್ತರ ಆಪ್ತರೊಬ್ಬರಿಗೆ ಮೊದಲೇ ಹೇಳಿ ನೋಡುವುದು ಕ್ಷೇಮ. ನಮಗೆ ತಮಾಷೆ ಅನ್ನಿಸಿದ್ದು ಅವರಿಗೆ ನೋವಾಗಿರಬಹುದು, ಒಂದು ವರ್ಗಾವಣೆಯ ಹಿಂದೆ ಹೇಳಬಾರದ ಕಾರಣ ಇರಬಹುದು.

ಹಾಗಾದರೆ ಭೂಮಿ ಯೋಜನೆ, ಚುನಾವಣೆ, ಬಡ್ತಿಯ ಇಸವಿಗಳ ಗತಿ? ಅವಕ್ಕೆ ಬಿನ್ನವತ್ತಳೆ ಇದೆ. ಚೌಕಟ್ಟು ಹಾಕಿಸಿ ಕೊಡುವ ಆ ಅಚ್ಚಿನ ಹಾಳೆಯಲ್ಲಿ ಏಳೂ ಸಾಲು ದಿನಾಂಕ ಸಮೇತ ಇರಲಿ. ಅದನ್ನು ಮನೆಯವರು ಬಿಡುವಾಗಿ ಓದಿಕೊಳ್ಳುತ್ತಾರೆ.